‘ಹಠ ಮಾಡುತ್ತಾಳೆ’ ಎಂಬ ಚೀಟಿ: ಬೌದ್ಧಿಕ ವಿಕಲತೆ ಇರುವ ವಯಸ್ಕರಲ್ಲಿ ಖಿನ್ನತೆಯನ್ನು ಪತ್ತೆ ಮಾಡಿದ ಒಂದು ಪ್ರಕರಣ

ಚೀಟಿಯಲ್ಲಿದ್ದದ್ದು ಎರಡೇ ಸಾಲು. ‘41 ವರ್ಷ, ಹೆಣ್ಣು, ಡೌನ್ ಸಿಂಡ್ರೋಮ್. ಹಠ, ಹೊಡೆಯುವುದು, ಒಬ್ಬಳೇ ಮಾತಾಡುವುದು, ಹಾಸಿಗೆಯಲ್ಲಿ ಮೂತ್ರ. ರಿಸ್ಪೆರಿಡೋನ್ 2 ಮಿ.ಗ್ರಾಂ ಕೊಟ್ಟಿದೆ, ಪ್ರಯೋಜನವಿಲ್ಲ.’ ಶಿವಮೊಗ್ಗದಲ್ಲಿ ಮನೋವೈದ್ಯನಾಗಿ ಕೂತವನಿಗೆ ಮಲೆನಾಡಿನ ತಾಲ್ಲೂಕುಗಳ ವೈದ್ಯರಿಂದ ಇಂಥ ಚೀಟಿಗಳು ಬರುತ್ತಲೇ ಇರುತ್ತವೆ. ಇಲ್ಲಿ ಹೇಳುವ ಪ್ರಕರಣ ಯಾರೋ ಒಬ್ಬರದಲ್ಲ. ಗುರುತು ಸಿಗದಂತೆ ಹಲವರ ವಿವರಗಳನ್ನು ಸೇರಿಸಿ ಕಟ್ಟಿದ್ದೇನೆ. ಮನೆಯವರು ಕರೆಯುವಂತೆ ಪುಟ್ಟಕ್ಕ ಎಂದೇ ಬರೆಯುತ್ತೇನೆ.

ಪುಟ್ಟಕ್ಕನದು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆ. ಅಣ್ಣ, ಅತ್ತಿಗೆ, ಅವರ ಮಗ ಜೊತೆಗಿದ್ದಾರೆ. ಅಂಗವಿಕಲತೆಯ ಪ್ರಮಾಣಪತ್ರದಲ್ಲಿ ಮಧ್ಯಮ ಮಟ್ಟದ ಬೌದ್ಧಿಕ ವಿಕಲತೆ, ಶೇಕಡಾ 75 ಎಂದಿದೆ. ಎರಡು ಮೂರು ಪದಗಳ ವಾಕ್ಯದಲ್ಲಿ ಮಾತಾಡುತ್ತಾರೆ. ಅವರನ್ನು ನೋಡಿಕೊಳ್ಳುತ್ತಿದ್ದ ತಾಯಿ ಹಿಂದಿನ ಆಷಾಢದಲ್ಲಿ ತೀರಿಕೊಂಡಿದ್ದರು. ನನ್ನ ಹತ್ತಿರ ಬಂದದ್ದು ಮಾರ್ಚಿನಲ್ಲಿ, ಎಂಟು ತಿಂಗಳ ನಂತರ. ಆದರೆ ತಾಯಿ ತೀರಿಕೊಂಡ ವಿಷಯ ಚೀಟಿಯಲ್ಲಿ ಇರಲಿಲ್ಲ.

ಇದಕ್ಕೆ ಕಾರಣ ಉದಾಸೀನವಲ್ಲ. ಬುದ್ಧಿ ಬೆಳವಣಿಗೆ ಕಮ್ಮಿ ಎಂದು ಒಮ್ಮೆ ಬರೆದ ಮೇಲೆ, ಆಮೇಲೆ ಕಾಣಿಸುವ ಎಲ್ಲ ತೊಂದರೆಯನ್ನೂ ವೈದ್ಯರ ಕಣ್ಣು ಅದರ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೀಸ್ ಮತ್ತು ಸಂಗಡಿಗರು 1982ರಲ್ಲೇ ಇದನ್ನು ತೋರಿಸಿದ್ದರು. ಒಂದೇ ಬಗೆಯ ಮಾನಸಿಕ ಲಕ್ಷಣಗಳ ವಿವರವನ್ನು ಮನಶ್ಶಾಸ್ತ್ರಜ್ಞರ ಮುಂದಿಟ್ಟಾಗ, ಆ ವ್ಯಕ್ತಿಗೆ ಬೌದ್ಧಿಕ ವಿಕಲತೆ ಇದೆ ಎಂದು ತಿಳಿದವರು ಕಾಯಿಲೆಯನ್ನು ಗುರುತಿಸುವುದು ಕಡಿಮೆಯಾಗಿತ್ತು. ಬೇರೆ ಯಾರಾದರೂ ಮಗಳು ತಾಯಿ ಹೋದ ಮೇಲೆ ಊಟ ಬಿಟ್ಟಳು, ಕೆಲಸ ಬಿಟ್ಟಳು ಎಂದರೆ ನಮಗೆ ಮೊದಲು ಹೊಳೆಯುವುದು ದುಃಖ, ಆಮೇಲೆ ಖಿನ್ನತೆ. ಪುಟ್ಟಕ್ಕನ ವಿಷಯದಲ್ಲಿ ಮಾತ್ರ ‘ಹಠ’ ಎನ್ನಿಸಿತು.

ಭೇಟಿಗೆ ಮೊದಲು

ಹೊರರೋಗಿ ವಿಭಾಗದ ಸಾಲಿನಲ್ಲಿ ಕೂರಿಸಿ ಐದು ನಿಮಿಷದಲ್ಲಿ ಮುಗಿಸುವ ಕೆಲಸ ಇದಲ್ಲ. ಅತ್ತಿಗೆಗೆ ಮೊದಲೇ ಫೋನ್ ಮಾಡಿ ನಾಲ್ಕು ವಿಷಯ ಹೇಳಿದೆ. ಈಗ ಕೊಡುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೂ ತನ್ನಿ. ಹೋದ ವರ್ಷ ಪುಟ್ಟಕ್ಕ ಹೇಗಿದ್ದರು ಎಂದು ಗೊತ್ತಿರುವ ಇನ್ನೊಬ್ಬರನ್ನು ಕರೆತನ್ನಿ. ಅವರು ದಿನಾ ಮುಟ್ಟುವ ನಾಲ್ಕೈದು ಸಾಮಾನು ಮತ್ತು ಮನೆಯವರ ಫೋಟೋ ಒಂದು ಚೀಲದಲ್ಲಿರಲಿ. ಇವತ್ತಿನಿಂದ ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲೇ ನಿದ್ದೆ, ಊಟ, ಅಳು ಎಷ್ಟು ಎಂದು ಗುರುತು ಹಾಕಿ. ಬೇರೆ ನೋಟ್‌ಬುಕ್ ಕೊಟ್ಟರೆ ಅದು ಎರಡೇ ದಿನಕ್ಕೆ ನಿಂತುಹೋಗುತ್ತದೆ. ಕ್ಯಾಲೆಂಡರ್ ಅಡುಗೆಮನೆಯ ಬಾಗಿಲಲ್ಲೇ ಇರುತ್ತದೆ, ಹಾಲಿನ ಲೆಕ್ಕವೂ ಅಲ್ಲೇ ಇರುತ್ತದೆ.

ಭೇಟಿಗೆ ಬೆಳಿಗ್ಗೆ ಹನ್ನೊಂದರ ಹೊತ್ತು ಇಟ್ಟುಕೊಂಡೆವು. ಮಲೆನಾಡಿನ ತಿರುವಿನ ರಸ್ತೆಯಲ್ಲಿ ಬಸ್ಸಿನಲ್ಲಿ ಬಂದವರಿಗೆ ಹೊಟ್ಟೆ ತೊಳಸಿರುತ್ತದೆ, ಹಸಿವಾಗಿರುತ್ತದೆ. ಅದನ್ನೇ ಮಂಕು ಎಂದು ಬರೆದುಕೊಳ್ಳುವ ಅಪಾಯವಿದೆ. ತಿಂಡಿ ತಿಂದು ಅರ್ಧ ಗಂಟೆ ಕೂತ ಮೇಲೆ, ಜನರ ಓಡಾಟವಿಲ್ಲದ ಪಕ್ಕದ ಕೋಣೆಯಲ್ಲಿ ಮಾತು ಶುರು ಮಾಡಿದೆವು.

ಅವರ ಹಿಂದಿನ ದಿನ ಹೇಗಿತ್ತು

ಬೌದ್ಧಿಕ ವಿಕಲತೆ ಇರುವವರಲ್ಲಿ ಖಿನ್ನತೆಯನ್ನು ಹುಡುಕುವಾಗ ಅವರನ್ನು ಇತರರ ಜೊತೆ ಹೋಲಿಸಿದರೆ ಏನೂ ಸಿಗುವುದಿಲ್ಲ. ಅವರನ್ನು ಅವರ ಜೊತೆಗೇ ಹೋಲಿಸಬೇಕು. ‘ಮೊದಲು ಹೇಗಿದ್ದರು?’ ಎಂದು ಕೇಳಿದರೆ ‘ಚೆನ್ನಾಗಿದ್ಲು’ ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಹಾಗಾಗಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯನ್ನು ಗುರುತಾಗಿ ಹಿಡಿದೆ. ತಾಯಿ ಇದ್ದಾಗಿನ ಜಾತ್ರೆಯ ಹೊತ್ತಿಗೆ ಪುಟ್ಟಕ್ಕನ ಒಂದು ದಿನ ಏಳುವಲ್ಲಿಂದ ಮಲಗುವವರೆಗೆ ಹೇಗಿತ್ತು, ಈ ಸಲದ ಜಾತ್ರೆಯ ಹೊತ್ತಿಗೆ ಹೇಗಿತ್ತು, ಎರಡನ್ನೂ ಅತ್ತಿಗೆಯಿಂದ ಬಿಡಿಸಿ ಬಿಡಿಸಿ ಕೇಳಿದೆ.

ಹಿಂದಿನ ಜಾತ್ರೆಯ ಹೊತ್ತಿಗೆ ಅವರು ಐದೂವರೆಗೆ ಎದ್ದು, ತಾಯಿ ಬಚ್ಚಲೊಲೆಗೆ ಬೆಂಕಿ ಮಾಡುವಾಗ ಪಕ್ಕದಲ್ಲಿ ಕೂರುತ್ತಿದ್ದರು. ಸ್ನಾನ ತಾವೇ ಮಾಡುತ್ತಿದ್ದರು, ತಲೆ ಬಾಚಲು ಮಾತ್ರ ತಾಯಿ ಬೇಕಿತ್ತು. ಕರುವಿಗೆ ಹುಲ್ಲು ಹಾಕುವುದು ಅವರದೇ ಕೆಲಸ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರ ಹತ್ತಿರದಿಂದ ಸುಲಿದ ಅಡಿಕೆಯನ್ನು ಬುಟ್ಟಿಗೆ ತುಂಬಿ ಒಯ್ಯುತ್ತಿದ್ದರು. ಅಲ್ಲಿಯ ಮಾತು ನಗು ಅವರಿಗೆ ಬಲು ಇಷ್ಟ. ಭದ್ರಾವತಿ ಆಕಾಶವಾಣಿಯಲ್ಲಿ ಚಿತ್ರಗೀತೆ ಬಂದರೆ ರೇಡಿಯೋ ಪಕ್ಕದಿಂದ ಏಳುತ್ತಿರಲಿಲ್ಲ. ರಾತ್ರಿ ಮಲಗುವಾಗ ಇಡೀ ದಿನದ್ದನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದರು.

ಈ ವರ್ಷ ಅವರು ಮೂರು ಗಂಟೆಗೇ ಎಚ್ಚರಾಗಿ ಜಗಲಿಯಲ್ಲಿ ಕೂತಿರುತ್ತಾರೆ. ಸ್ನಾನಕ್ಕೆ ಕರೆದರೆ ಕೈ ಕೊಡವುತ್ತಾರೆ, ಎಳೆದರೆ ಹೊಡೆಯುತ್ತಾರೆ. ಕರುವಿನ ಕಡೆ ತಿರುಗಿ ನೋಡುವುದಿಲ್ಲ. ಅಡಿಕೆ ಸುಲಿಯುವ ಚಪ್ಪರಕ್ಕೆ ಒಂದು ದಿನವೂ ಬರಲಿಲ್ಲ. ರೇಡಿಯೋ ಹಾಕಿದರೆ ಆರಿಸುತ್ತಾರೆ. ಕಡುಬು ಮಾಡಿದ ದಿನ ಮೂರು ತಿನ್ನುತ್ತಿದ್ದವರು ಅರ್ಧ ತಿಂದು ತಟ್ಟೆ ದೂಡುತ್ತಾರೆ. ತೂಕ 54 ಕಿಲೋದಿಂದ 48ಕ್ಕೆ ಇಳಿದಿತ್ತು. ‘ಎಂಥ ಮಾಡದು ಡಾಕ್ಟ್ರೇ, ಅತ್ತೆ ಇದ್ದಾಗ ಹಿಂಗಿರ್ಲಿಲ್ಲ. ಈಗ ನಮ್ಮ ಮಾತೇ ಕೇಳಲ್ಲ’ ಎಂದು ಅತ್ತಿಗೆ ಅತ್ತರು.

ಈ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟರೆ ಹಠವೆಂಬ ಮಾತು ನಿಲ್ಲುವುದಿಲ್ಲ. ಇಷ್ಟದ ಕೆಲಸದಲ್ಲಿ ಆಸಕ್ತಿ ಹೋಗಿದೆ, ನಸುಕಿನಲ್ಲೇ ಎಚ್ಚರವಾಗುತ್ತಿದೆ, ತೂಕ ಇಳಿದಿದೆ, ಕಲಿತ ಕೆಲಸ ಬಿಟ್ಟುಹೋಗಿದೆ, ಸಿಡುಕು ಬಂದಿದೆ. ‘ನನಗೆ ಬೇಸರ’ ಎಂದು ಹೇಳಲಾಗದವರಲ್ಲಿ ಖಿನ್ನತೆ ಹೆಚ್ಚಾಗಿ ಹೊರಬರುವುದು ಹೀಗೆ, ನಡವಳಿಕೆಯ ಮೂಲಕ. ಹೊಡೆಯುವುದನ್ನೂ ಇದೇ ರೀತಿ ಬಿಡಿಸಿ ನೋಡಬೇಕು. ಪುಟ್ಟಕ್ಕ ತಾವಾಗಿ ಹೋಗಿ ಯಾರನ್ನೂ ಹೊಡೆದಿರಲಿಲ್ಲ. ಏಳು ಎಂದಾಗ, ಎಳೆದಾಗ ಮಾತ್ರ ಕೈ ಬೀಸಿದ್ದರು.

ಒಬ್ಬರೇ ಮಾತಾಡುವುದರ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲದ ದನಿ ಕೇಳಿಸುವಂಥ ಮನೋವಿಕೃತಿಗೆ ಕೊಡುವ ರಿಸ್ಪೆರಿಡೋನ್ ಶುರುವಾದದ್ದು ಅದಕ್ಕೇ. ಡೌನ್ ಸಿಂಡ್ರೋಮ್ ಇರುವ ಬಹಳಷ್ಟು ವಯಸ್ಕರು ತಮಗೆ ತಾವೇ ಜೋರಾಗಿ ಮಾತಾಡಿಕೊಳ್ಳುತ್ತಾರೆ. ದಿನದ ಘಟನೆಗಳನ್ನು ಜೋಡಿಸಿಕೊಳ್ಳುವ, ಮುಂದಿನ ಕೆಲಸ ನೆನಪಿಟ್ಟುಕೊಳ್ಳುವ ಅವರ ರೀತಿ ಅದು. ಅಷ್ಟರಿಂದಲೇ ಮನೋವಿಕೃತಿ ಎನ್ನಲಾಗದು. ಹಾಗಾಗಿ ಮಾತಾಡಿಕೊಳ್ಳುತ್ತಾರೋ ಇಲ್ಲವೋ ಎನ್ನುವುದಕ್ಕಿಂತ ಮಾತಿನಲ್ಲಿ ಏನು ಬದಲಾಯಿತು ಎಂದು ಕೇಳಬೇಕು. ಅತ್ತಿಗೆಯ ಮಗ ಅದನ್ನು ಗಮನಿಸಿದ್ದ. ಹಿಂದೆ ‘ಕರು ಹುಲ್ಲು ತಿಂತು, ಅಣ್ಣ ಬೈದ’ ಎನ್ನುತ್ತಿದ್ದರು. ಈಗ ಮೆಲ್ಲಗೆ, ಒಂದೇ ಮಾತು: ‘ಬಸ್ ಬರ್ಲಿಲ್ಲ. ಅಮ್ಮ ಬರ್ಲಿಲ್ಲ.’

ತಾಯಿ ತೀರಿಕೊಂಡ ದಿನ ಪುಟ್ಟಕ್ಕನನ್ನು ಪಕ್ಕದೂರಿನ ನೆಂಟರ ಮನೆಗೆ ಕಳಿಸಿದ್ದರು. ತಡೆದುಕೊಳ್ಳಲಾರಳು ಎಂಬ ಕಕ್ಕುಲಾತಿಯಿಂದ. ವಾಪಸ್ ಬಂದ ಮೇಲೆ ‘ಅಮ್ಮ ಬೆಂಗಳೂರಿಗೆ ಹೋಗಿದ್ದಾರೆ’ ಎಂದು ಹೇಳಿದ್ದರು.

ಮೊದಲು ದೇಹ

ಮಾತಿಗೆ ಕೂರುವ ಮುಂಚೆ ಕಿವಿ ನೋಡಿದೆ. ಡೌನ್ ಸಿಂಡ್ರೋಮ್ ಇರುವವರ ಕಿವಿಯ ನಾಳ ಕಿರಿದು, ಗುಗ್ಗೆ ಬೇಗ ಕಟ್ಟುತ್ತದೆ. ಪುಟ್ಟಕ್ಕನ ಎರಡೂ ಕಿವಿ ಮುಚ್ಚಿಹೋಗಿದ್ದವು. ಕಿವಿ ವೈದ್ಯರು ಹನಿ ಹಾಕಿಸಿ ಐದು ದಿನದ ನಂತರ ತೆಗೆದರು. ಕರೆದರೆ ತಿರುಗಿ ನೋಡುವುದಿಲ್ಲ ಎಂಬ ದೂರಿನಲ್ಲಿ ಅರ್ಧ ಅಲ್ಲಿಗೇ ಹೋಯಿತು. ಕಿವಿ ನೋಡದೆ ‘ಸ್ಪಂದಿಸುವುದಿಲ್ಲ’ ಎಂದು ಬರೆಯಬಾರದು.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ ನೋಡಿಸಿದೆ. ಥೈರಾಯ್ಡಿನ ಕೆಲಸ ತಗ್ಗಿದಾಗ ಏರುವ ಟಿಎಸ್ಎಚ್ 7.1 ಇತ್ತು, ಥೈರಾಯ್ಡಿನದೇ ಹಾರ್ಮೋನಾದ ಫ್ರೀ ಟಿ4 ಸರಿಯಾಗಿತ್ತು. ಇಷ್ಟು ಸಣ್ಣ ಏರಿಕೆ ಡೌನ್ ಸಿಂಡ್ರೋಮ್‌ನಲ್ಲಿ ಸಾಮಾನ್ಯ. ಆರು ಕಿಲೋ ತೂಕ ಇಳಿದದ್ದಕ್ಕೆ ಅದು ಕಾರಣವಾಗಲಾರದು, ಥೈರಾಯ್ಡ್ ಕಡಿಮೆಯಾದರೆ ತೂಕ ಏರುವುದೇ ಹೆಚ್ಚು. ಮೂರು ತಿಂಗಳಿಗೆ ಮತ್ತೆ ನೋಡುವುದೆಂದು ಬರೆದಿಟ್ಟೆ. ಹಲ್ಲು, ಕಣ್ಣಿನ ಪೊರೆ, ಮಲಬದ್ಧತೆ, ಮೂತ್ರದ ಸೋಂಕು ಇವನ್ನೂ ನೋಡಿದ್ದಾಯಿತು. ನೋವನ್ನು ಹೇಳಲಾಗದವರು ಊಟ ಬಿಟ್ಟು ಸಿಡುಕಿದರೆ, ಹಲ್ಲುನೋವೂ ಖಿನ್ನತೆಯ ಹಾಗೇ ಕಾಣುತ್ತದೆ.

ಪುಟ್ಟಕ್ಕನ ಜೊತೆ ಮಾತು

ಕಿವಿ ಸರಿಯಾದ ಮೇಲಿನ ಎರಡನೆಯ ಭೇಟಿಯಲ್ಲಿ ಅವರ ಜೊತೆಗೇ ಕೂತೆ. ಅತ್ತಿಗೆ ಕೋಣೆಯಲ್ಲೇ ಇದ್ದರು, ಆದರೆ ಪುಟ್ಟಕ್ಕನ ಬೆನ್ನ ಹಿಂದೆ. ಎದುರಿಗೆ ಕೂತರೆ ಪ್ರತಿ ಉತ್ತರಕ್ಕೂ ಅವರ ಮುಖ ನೋಡುತ್ತಾರೆ.

ಮೊದಲು ತಿಳಿಯಬೇಕಾದದ್ದು ಅವರ ‘ಹೂಂ’ ಎಷ್ಟು ನಂಬಬಹುದು ಎಂಬುದು. ‘ಪುಟ್ಟಕ್ಕ, ನೀವು ಲಾರಿ ಓಡಿಸ್ತೀರಾ?’ ಎಂದು ಸಾದಾ ದನಿಯಲ್ಲಿ ಕೇಳಿದೆ. ‘ಹೂಂ.’ ‘ರಾತ್ರಿ ನಿದ್ದೆ ಬರುತ್ತಾ, ಬರಲ್ವಾ?’ ‘ಬರಲ್ಲ.’ ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿ ಕೇಳಿದೆ. ‘ರಾತ್ರಿ ನಿದ್ದೆ ಬರಲ್ವಾ, ಬರುತ್ತಾ?’ ‘ಬರುತ್ತೆ.’ ಅಲ್ಲಿಗೆ ಎರಡು ವಿಷಯ ಗೊತ್ತಾಯಿತು. ಹೌದು ಅಲ್ಲ ಎಂಬ ಪ್ರಶ್ನೆಗೆ ಅವರು ಹೌದು ಎನ್ನುತ್ತಾರೆ, ಎರಡರಲ್ಲಿ ಒಂದನ್ನು ಆರಿಸಿ ಎಂದರೆ ಕೊನೆಗೆ ಕೇಳಿದ್ದನ್ನು ಹೇಳುತ್ತಾರೆ. ಚಿಕ್ಕಂದಿನಿಂದ ದೊಡ್ಡವರು ಕೇಳಿದ್ದಕ್ಕೆ ಒಪ್ಪಿಕೊಂಡೇ ಬೆಳೆದವರಿಗೆ ಇದು ಸಹಜ. ಈ ಪರೀಕ್ಷೆ ಮಾಡದೆ ಮಾಮೂಲಿ ಪ್ರಶ್ನಾವಳಿ ಓದಿದರೆ, ಪುಟ್ಟಕ್ಕನಿಗೆ ತೀವ್ರ ಖಿನ್ನತೆ ಇದೆ ಎಂದೂ ಬರುತ್ತಿತ್ತು, ಕಿವಿಯಲ್ಲಿ ದನಿ ಕೇಳುತ್ತದೆ ಎಂದೂ ಬರುತ್ತಿತ್ತು.

ಹಾಗಾಗಿ ಬಾಯಿಮಾತು ಕಡಿಮೆ ಮಾಡಿ ಚೀಲ ತೆರೆದೆ. ಮೇಜಿನ ಮೇಲೆ ಒಂದು ಟವೆಲ್ ಹಾಸಿ, ಒಂದು ತುದಿಗೆ ನಗುವ ಮುಖದ ಚಿತ್ರ, ಇನ್ನೊಂದು ತುದಿಗೆ ಅಳುವ ಮುಖದ್ದು, ನಡುವೆ ಸುಮ್ಮನಿರುವ ಮುಖದ್ದು ಇಟ್ಟೆ. ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ ‘ಟಾಕಿಂಗ್ ಮ್ಯಾಟ್ಸ್’ ಎಂಬ ಕ್ರಮ ಹೀಗೇ ಇದೆ, ಅದರ ತತ್ವವನ್ನು ಮನೆಯ ಸಾಮಾನಿನಲ್ಲೇ ಮಾಡಬಹುದು. ಆ ಮುಖಗಳು ಅವರಿಗೆ ಅರ್ಥವಾಗುತ್ತವೆಯೇ ಎಂದು ಮೊದಲೇ ನೋಡಿದೆ. ಅಣ್ಣನ ಮಗ ಚಿಕ್ಕವನಿದ್ದಾಗ ಅಳುತ್ತಿದ್ದ ಫೋಟೋ ಕೊಟ್ಟರೆ ಅಳುವ ಮುಖದ ಹತ್ತಿರ ಇಟ್ಟರು. ಜಾತ್ರೆಯಲ್ಲಿ ಬಳೆ ತೊಟ್ಟ ಅವರದೇ ಫೋಟೋವನ್ನು ನಗುವ ಮುಖದ ಹತ್ತಿರ ಇಟ್ಟರು. ಅಂದರೆ ಮುಂದುವರಿಯಬಹುದು. ಇದು ಬಾರದವರ ಹತ್ತಿರ ಮುಖದ ಚಿತ್ರಗಳಿಂದ ಏನೂ ತಿಳಿಯುವುದಿಲ್ಲ. ಅಲ್ಲಿ ಬೇಕು, ಬೇಡ ಎಂಬ ಎರಡು ಡಬ್ಬಿಯಷ್ಟಕ್ಕೇ ಇಳಿಯಬೇಕು.

ಆಮೇಲೆ ಒಂದೊಂದೇ ಸಾಮಾನು ಕೈಗೆ ಕೊಟ್ಟು, ‘ಇದು?’ ಎಂದಷ್ಟೇ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಸುಮ್ಮನಿದ್ದೆ. ಕೂತವರಿಗೆ ಆ ಹತ್ತು ಸೆಕೆಂಡು ಬಹಳ ಉದ್ದ ಅನ್ನಿಸುತ್ತದೆ, ನಡುವೆ ಇನ್ನೊಮ್ಮೆ ಕೇಳಿಬಿಡುವ ಚಡಪಡಿಕೆ ಬರುತ್ತದೆ. ಕೇಳಿದರೆ ಅವರು ಪ್ರಶ್ನೆಯನ್ನು ಮೊದಲಿನಿಂದ ಹಿಡಿಯಬೇಕಾಗುತ್ತದೆ. ಪುಟ್ಟಕ್ಕ ಬಾಚಣಿಗೆಯನ್ನು ತುಂಬಾ ಹೊತ್ತು ಹಿಡಿದುಕೊಂಡು, ಹಲ್ಲುಗಳ ಮೇಲೆ ಹೆಬ್ಬೆರಳು ಎಳೆದು, ಅಳುವ ಮುಖದ ಮೇಲೆ ಇಟ್ಟರು. ರೇಡಿಯೋ ಅಳುವ ಕಡೆ ಹೋಯಿತು. ಊಟದ ತಟ್ಟೆ ನಡುವೆ. ಅತ್ತಿಗೆಯ ಫೋಟೋ ನಗುವ ಕಡೆ. ಇದನ್ನು ನೋಡಿ ಅತ್ತಿಗೆಗೇ ಆಶ್ಚರ್ಯವಾಯಿತು, ತನ್ನನ್ನು ಕಂಡರೆ ಆಗುವುದಿಲ್ಲ ಎಂದೇ ಅವರು ತಿಳಿದಿದ್ದರು.

ಉತ್ತರ ನಿಜವೇ ಎಂದು ತಿಳಿಯಲು ಮುಖದ ಚಿತ್ರಗಳ ಜಾಗ ಅದಲು ಬದಲು ಮಾಡಿ, ಅರ್ಧ ಗಂಟೆಯ ನಂತರ ಅದೇ ಸಾಮಾನುಗಳನ್ನು ಮತ್ತೆ ಕೊಟ್ಟೆ. ಬಾಚಣಿಗೆ ಮತ್ತೆ ಅಳುವ ಮುಖಕ್ಕೇ ಹೋಯಿತು. ಎಡ ಬಲ ನೋಡಿ ಇಟ್ಟದ್ದಲ್ಲ ಎಂದಾಯಿತು. ‘ಯಾಕೆ’ ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅದಕ್ಕೆ ಉತ್ತರಿಸಲು ಕಾರಣ ಮತ್ತು ಪರಿಣಾಮ ಎರಡನ್ನೂ ಮಾತಿನಲ್ಲಿ ಜೋಡಿಸಬೇಕು, ಮೇಲಾಗಿ ಅವರ ಕಿವಿಗೆ ಅದು ಬೈದ ಹಾಗೆ ಕೇಳುತ್ತದೆ. ಮಾಮೂಲಿ ಪ್ರಶ್ನೆಗಳಲ್ಲಿ ಬರುವ ‘ಎರಡು ವಾರದಿಂದ’ ಎಂಬುದನ್ನೂ ಬಿಟ್ಟೆ. ‘ಶಿವರಾತ್ರಿ ಆದ ಮೇಲೆ’ ಎಂದರೆ ಅವರಿಗೆ ತಿಳಿಯುತ್ತಿತ್ತು.

ಸಾವಿನ ಯೋಚನೆಯ ಬಗ್ಗೆ ಕೇಳಲೇಬೇಕು. ಇಂಥವರಿಗೆ ಅದೆಲ್ಲ ಹೊಳೆಯುವುದಿಲ್ಲ ಎಂದು ಬಿಟ್ಟುಬಿಡುವುದು ಅಪಾಯಕರ. ಆದರೆ ಮೊದಲು ಸಾವು ಎಂದರೆ ಅವರಿಗೆ ಏನು ಎಂದು ತಿಳಿದುಕೊಳ್ಳಬೇಕು. ಮನೆಯ ಹಳೆಯ ನಾಯಿಯ ಫೋಟೋ ಚೀಲದಲ್ಲಿತ್ತು. ‘ಇದು ಎಲ್ಲಿದೆ?’ ‘ಸತ್ತೋಯ್ತು. ಅಣ್ಣ ಗುಂಡಿ ತೆಗ್ದ.’ ‘ಮತ್ತೆ ಬರುತ್ತಾ?’ ತಲೆ ಆಡಿಸಿದರು. ‘ಬರಲ್ಲ. ಏಳಲ್ಲ.’ ಆಮೇಲೆ ನಾನೇನೂ ಕೇಳದೆಯೇ ‘ಅಮ್ಮನೂ’ ಎಂದರು.

ಎಂಟು ತಿಂಗಳು ಮನೆಯವರು ಮುಚ್ಚಿಟ್ಟದ್ದು ಅವರಿಗೆ ತಿಳಿದಿತ್ತು, ಅಥವಾ ಅರ್ಧ ತಿಳಿದಿತ್ತು. ಎಲ್ಲರೂ ಬೆಂಗಳೂರು ಎನ್ನುತ್ತಿದ್ದುದರಿಂದ ಬಸ್ಸಿನ ದಾರಿಯನ್ನೂ ಕಾಯುತ್ತಿದ್ದರು. ‘ನಿಮಗೆ ಅಮ್ಮನ ಹತ್ರ ಹೋಗ್ಬೇಕಾ?’ ಎಂದು ಕೇಳಿದರೆ ಇಂಥ ಸಂದರ್ಭದಲ್ಲಿ ಬರುವ ‘ಹೂಂ’ಗೆ ಬೆಲೆಯಿಲ್ಲ, ಹಂಬಲವೂ ಹಾಗೇ ಹೇಳುತ್ತದೆ. ಅದರ ಬದಲು ‘ಅಮ್ಮನ ನೆನಪು ಬಂದಾಗ ಪುಟ್ಟಕ್ಕ ಏನು ಮಾಡ್ತೀರಿ?’ ಎಂದು ಕೇಳಿದೆ. ‘ಅಳ್ತೀನಿ. ಸೀರೆ ಹೊದೀತೀನಿ.’ ತನಗೆ ನೋವು ಮಾಡಿಕೊಳ್ಳುವ ಮಾತಾಗಲೀ, ಹಾಗೆ ಮಾಡಿದ್ದಾಗಲೀ ಮನೆಯವರ ವಿವರದಲ್ಲೂ ಇರಲಿಲ್ಲ. ಆದರೂ ಅಡಿಕೆ ಬೆಳೆಗಾರರ ಮನೆ ಎಂದ ಮೇಲೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತ ಇರುತ್ತದೆ, ಕಳೆನಾಶಕ ಇರುತ್ತದೆ. ಅವನ್ನು ಬೀಗ ಹಾಕುವ ಕೋಣೆಗೆ ಹಾಕಿಸಿ, ಬೀಗದ ಕೈ ಅಣ್ಣನ ಹತ್ತಿರ ಇರಲಿ ಎಂದು ಅವತ್ತೇ ಹೇಳಿದೆ.

ಅತ್ತಿಗೆಯ ಹತ್ತಿರ ಗ್ಲಾಸ್ಗೋ ಖಿನ್ನತೆ ಮಾಪಕದಲ್ಲಿ ನೋಡಿಕೊಳ್ಳುವವರಿಗೆಂದು ಇರುವ 16 ಪ್ರಶ್ನೆಗಳ ಭಾಗವನ್ನು ಮಾಡಿಸಿದೆ, 19 ಅಂಕ ಬಂತು. ಇಂಗ್ಲಿಷಿನಲ್ಲಿ ಸಿದ್ಧವಾದ ಮಾಪಕವನ್ನು ಬಾಯಲ್ಲೇ ಕನ್ನಡ ಮಾಡಿ ಕೇಳುವಾಗ, ಅಲ್ಲಿಯ ಗಡಿ ಅಂಕವನ್ನು ಹಿಡಿದು ರೋಗವಿದೆ ಇಲ್ಲ ಎಂದು ನಾನು ತೀರ್ಮಾನಿಸುವುದಿಲ್ಲ. ಅದೇ ಅತ್ತಿಗೆಗೆ, ಅದೇ ಪ್ರಶ್ನೆಗಳನ್ನು, ಮುಂದೆ ಮತ್ತೆ ಕೇಳಿದಾಗ ಅಂಕ ಏರಿತೋ ಇಳಿಯಿತೋ ಎಂಬುದಷ್ಟು ನನಗೆ ಸಾಕು.

ಮರೆವಿನ ಕಾಯಿಲೆಯ ಪ್ರಶ್ನೆ

ಡೌನ್ ಸಿಂಡ್ರೋಮ್, ವಯಸ್ಸು 41, ಕಲಿತ ಕೆಲಸ ಬಿಟ್ಟುಹೋಗಿದೆ ಎಂದರೆ ಅಲ್ಝೈಮರ್ ಎಂಬ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಇವರಲ್ಲಿ 40 ದಾಟುವಷ್ಟರಲ್ಲಿ ಮಿದುಳಿನಲ್ಲಿ ಆ ಕಾಯಿಲೆಯ ಗುರುತುಗಳು ಬಹುತೇಕ ಎಲ್ಲರಲ್ಲೂ ಇರುತ್ತವೆ. ಲಕ್ಷಣ ಕಾಣಿಸುವುದು ಸಾಮಾನ್ಯವಾಗಿ ಐವತ್ತರ ನಡುವಯಸ್ಸಿನಲ್ಲಿ. ಕಷ್ಟವೇನೆಂದರೆ ಅದೂ ಮೊದಮೊದಲು ನಿರಾಸಕ್ತಿ, ಸಿಡುಕಿನ ರೂಪದಲ್ಲೇ ಬರಬಹುದು.

ಪುಟ್ಟಕ್ಕನಲ್ಲಿ ಬದಲಾವಣೆಗೆ ಒಂದು ದಿನಾಂಕವಿತ್ತು, ತಾಯಿ ಹೋದ ತಿಂಗಳು. ಆಗದ ಕೆಲಸ ಮತ್ತು ಮಾಡದ ಕೆಲಸ ಬೇರೆ ಬೇರೆ ಎಂಬುದೂ ಕಾಣುತ್ತಿತ್ತು. ಸ್ನಾನದ ಕ್ರಮ ಅವರು ಮರೆತಿರಲಿಲ್ಲ. ನೆಂಟರ ಮನೆಯ ಹುಡುಗಿ ಬಂದ ದಿನ ತಾವೇ ಸ್ನಾನ ಮಾಡಿ ಬಳೆ ಹಾಕಿಕೊಂಡಿದ್ದರು. ನಾಯಿಯ ಫೋಟೋವನ್ನು ಅವರೆದುರೇ ಮೇಜಿನ ಖಾನೆಯಲ್ಲಿಟ್ಟು, ಹೊರಡುವಾಗ ಕೇಳಿದರೆ ನೇರ ಖಾನೆ ಎಳೆದರು. ಇಷ್ಟರಿಂದ ಮರೆವಿನ ಕಾಯಿಲೆ ಇಲ್ಲವೇ ಇಲ್ಲ ಎಂದು ಹೇಳಲಾಗದು, ಸದ್ಯಕ್ಕೆ ಖಿನ್ನತೆಯೇ ಹೆಚ್ಚು ಹೊಂದುತ್ತದೆ ಎನ್ನಬಹುದು. ತಲೆ ಬಾಚುವುದು, ಬಟ್ಟೆ ಮಡಚುವುದು, ಮನೆಯವರ ಹೆಸರು ಹೇಳುವುದು, ಇವನ್ನು ಅಣ್ಣನ ಮಗ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟ. ಮುಂದೆ ಹೋಲಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ಅವರ ನಿಧಾನ ನಡಿಗೆ, ಜೊಲ್ಲು, ಹಗಲ ತೂಕಡಿಕೆ ಖಿನ್ನತೆಯದೋ ರಿಸ್ಪೆರಿಡೋನಿನದೋ ಎಂದು ಹೇಳುವಂತಿರಲಿಲ್ಲ. ಅದನ್ನು ಇಳಿಸುತ್ತಲೇ ಹೊಸ ಮಾತ್ರೆ ಶುರು ಮಾಡಿದರೆ ಯಾವುದರಿಂದ ಏನಾಯಿತು ಎಂಬುದು ಎಂದಿಗೂ ತಿಳಿಯದು. ಹೇಳಿಕೊಳ್ಳಬಲ್ಲ ರೋಗಿಯಾದರೆ ವ್ಯತ್ಯಾಸ ಹೇಳಿಯಾರು, ಇಲ್ಲಿ ನೋಡುವವರ ಕಣ್ಣೇ ಆಧಾರ. ಪ್ರಾಣಕ್ಕೆ ಅಪಾಯ ಕಾಣದ್ದರಿಂದ ಮೊದಲು ರಿಸ್ಪೆರಿಡೋನನ್ನು ಎರಡೆರಡು ವಾರಕ್ಕೆ 1 ಮಿ.ಗ್ರಾಂ, ಆಮೇಲೆ ಅರ್ಧ, ಆಮೇಲೆ ನಿಲ್ಲಿಸುವ ಹಾಗೆ ಇಳಿಸಿದೆ. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ತೂಕ ನೋಡಿ ಫೋನ್ ಮಾಡುತ್ತಿದ್ದರು. ತೂಕ ಇನ್ನೂ ಇಳಿದರೆ ಕಾಯುವುದು ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆವು.

ಕೊನೆಯ ಮಾತ್ರೆ ನಿಂತು ವಾರ ಕಳೆಯುವಷ್ಟರಲ್ಲಿ ಜೊಲ್ಲು ಮತ್ತು ತೂಕಡಿಕೆ ಹೋದವು. ಹಾಸಿಗೆ ಒದ್ದೆಯಾಗುವುದು ದಿನಾ ಇದ್ದದ್ದು ವಾರಕ್ಕೆರಡು ಸಲಕ್ಕೆ ಬಂತು. ಆದರೆ ಮೂರು ಗಂಟೆಯ ಎಚ್ಚರ, ಅಳು, ಊಟ ದೂಡುವುದು ಹಾಗೇ ಉಳಿದವು. ಔಷಧದ ಮುಸುಕು ಸರಿದ ಮೇಲೂ ಇದ್ದದ್ದು ಖಿನ್ನತೆ. ಆಗ ಖಿನ್ನತೆಗೆ ಕೊಡುವ ಸರ್ಟ್ರಲೀನ್ 25 ಮಿ.ಗ್ರಾಂ ಬೆಳಿಗ್ಗೆ, ಎರಡು ವಾರದ ನಂತರ 50 ಎಂದು ಯೋಚಿಸಿದೆ.

ಒಪ್ಪಿಗೆಯನ್ನು ಅಣ್ಣನ ಹತ್ತಿರ ಅಲ್ಲ, ಪುಟ್ಟಕ್ಕನ ಹತ್ತಿರವೇ ಕೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಕಲಂ, ಮಾಹಿತಿಯನ್ನು ಆ ವ್ಯಕ್ತಿಗೆ ತಿಳಿಯುವ ಸರಳ ಭಾಷೆಯಲ್ಲಿ, ಬೇಕಾದರೆ ಸನ್ನೆ ಅಥವಾ ಚಿತ್ರಗಳ ಮೂಲಕ ಕೊಡಬೇಕು ಎನ್ನುತ್ತದೆ. ಪ್ರಮಾಣಪತ್ರದಲ್ಲಿ ಶೇಕಡಾ 75 ಎಂದಿದ್ದರೆ ಒಪ್ಪಿಗೆ ಕೊಡುವ ಶಕ್ತಿ ಇಲ್ಲವೆಂದು ಅರ್ಥವಲ್ಲ, ಆಯಾ ನಿರ್ಧಾರಕ್ಕೆ ಆಯಾ ಸಲ ನೋಡಬೇಕು. ಗುಳಿಗೆ ತೋರಿಸಿ, ಸೂರ್ಯನ ಚಿತ್ರ, ಅಳುವ ಮುಖ, ಹೊಟ್ಟೆ ಹಿಡಿದುಕೊಂಡವಳ ಚಿತ್ರ ಇಟ್ಟು ನಾಲ್ಕು ವಾಕ್ಯ ಹೇಳಿದೆ. ನನಗೆ ಈಗ ನೀವು ಹೇಳಿ ಎಂದೆ. ‘ಸಣ್ಣ ಗುಳಿಗೆ. ಬೆಳಿಗ್ಗೆ. ಅಳು ಕಮ್ಮಿ. ಹೊಟ್ಟೆ ತೊಳ್ಸುತ್ತೆ.’ ‘ಬೇಡ ಅಂದ್ರೂ ಆಗುತ್ತೆ. ಬೇಕಾ, ಬೇಡ್ವಾ?’ ಎಂದು ಬೇಡ ಎಂಬುದನ್ನು ಕೊನೆಯಲ್ಲಿಟ್ಟು ಕೇಳಿದೆ. ‘ಬೇಕು’ ಎಂದರು. ಕೊನೆಯ ಪದವನ್ನೇ ಹೇಳುವ ಅಭ್ಯಾಸ ಇರುವವರು ಅದನ್ನು ಮೀರಿ ಹೇಳಿದ್ದರಿಂದ ಆ ಮಾತನ್ನು ನಂಬಿದೆ.

ಮೊದಲ ವಾರಗಳಲ್ಲಿ ಈ ಮಾತ್ರೆಯಿಂದ ಕೆಲವರಿಗೆ ಚಡಪಡಿಕೆ ಹೆಚ್ಚುತ್ತದೆ. ಅವರು ಹೇಳಲಾರರು ಎಂದು ಅತ್ತಿಗೆಗೆ ನೋಡಬೇಕಾದದ್ದನ್ನು ಹೇಳಿದೆ: ಕೂತಲ್ಲಿ ಕೂರದೆ ಓಡಾಡುವುದು, ನಿದ್ದೆ ಮೊದಲಿಗಿಂತ ಕಮ್ಮಿಯಾಗುವುದು, ಹೊಸದಾಗಿ ತನ್ನನ್ನು ತಾನೇ ಹೊಡೆದುಕೊಳ್ಳುವುದು. ಕಂಡರೆ ಮುಂದಿನ ಭೇಟಿಗೆ ಕಾಯದೆ ಅವತ್ತೇ ಫೋನ್.

ಮಾತ್ರೆಗೆ ಮೊದಲೇ ಮನೆಯಲ್ಲಿ ಕೆಲಸ ಶುರುವಾಗಿತ್ತು. ಖಿನ್ನತೆಯಲ್ಲಿ ಬಿಟ್ಟುಹೋದ ಇಷ್ಟದ ಚಟುವಟಿಕೆಯನ್ನು ಚಿಕ್ಕ ಚಿಕ್ಕ ತುಂಡಾಗಿ ಮರಳಿ ತರುವ ಚಿಕಿತ್ಸೆ ಬೌದ್ಧಿಕ ವಿಕಲತೆ ಇರುವವರಿಗೂ ಆಗಿಬರುತ್ತದೆ, ಜೊತೆಗೆ ನಿಲ್ಲುವ ಒಬ್ಬರು ಬೇಕು. ‘ಕರುವಿಗೆ ಹುಲ್ಲು ಹಾಕು’ ಎನ್ನುವ ಬದಲು ಅತ್ತಿಗೆ ಹುಲ್ಲು ಹಿಡಿದು ಕೊಟ್ಟಿಗೆ ಬಾಗಿಲಲ್ಲಿ ನಿಲ್ಲುವುದು, ಪುಟ್ಟಕ್ಕ ಅಲ್ಲಿಯವರೆಗೆ ಬಂದರೆ ಅವತ್ತಿಗೆ ಸಾಕು. ಕಾಳುಮೆಣಸು ಬಿಡಿಸುವ ಕಾಲವಾದ್ದರಿಂದ ಒಂದು ಮೊರದಲ್ಲಿ ಒಂದು ಹಿಡಿ ಗೊಂಚಲು. ಸ್ನಾನಕ್ಕೆ ಎಳೆಯುವುದು ನಿಂತಿತು. ಬಚ್ಚಲೊಲೆಗೆ ಬೆಂಕಿ ಮಾಡಿ, ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿ, ಅವರು ತಾವಾಗಿ ಬಂದು ಕೂರುವವರೆಗೆ ಅತ್ತಿಗೆ ಕಾದರು. ತಲೆ ಬಾಚುವ ಕೆಲಸವನ್ನು ಅತ್ತಿಗೆ ಕೇಳಿಕೊಂಡು ಪಡೆದರು.

ತಾಯಿಯ ವಿಷಯ ಹೇಳುವುದು ಅಣ್ಣನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಏನು ಹೇಳಬೇಕೆಂದು ಬರೆದೇ ಕೊಟ್ಟೆ: ‘ಅಮ್ಮ ಸತ್ತು ಹೋದಳು. ಮತ್ತೆ ಬರಲ್ಲ. ನಾವು ಸುಳ್ಳು ಹೇಳಿದ್ವಿ. ನಮಗೂ ಅಳು ಬರುತ್ತೆ.’ ‘ನಿದ್ದೆ ಹೋಗಿದ್ದಾಳೆ’, ‘ದೇವರು ಕರೆದುಕೊಂಡ’ ಎಂಬ ಮಾತು ಬೇಡವೆಂದೆ. ಹಾಗೆ ಕೇಳಿದವರು ಮಲಗಲು ಹೆದರಿದ್ದನ್ನು ಕಂಡಿದ್ದೇನೆ. ಸುಟ್ಟ ಜಾಗಕ್ಕೆ ಕರೆದುಕೊಂಡು ಹೋಗಿ ಅಲ್ಲೇ ಹೇಳಿದರು. ಅವತ್ತು, ಮರುದಿನ ಬಹಳ ಅತ್ತರು. ಬಸ್ಸಿನ ಮಾತು ಕ್ರಮೇಣ ನಿಂತಿತು.

ಆಮೇಲೆ

ಸರ್ಟ್ರಲೀನ್ 50ಕ್ಕೆ ಬಂದ ಆರನೆಯ ವಾರದಲ್ಲಿ ಕ್ಯಾಲೆಂಡರಿನ ಚೌಕಗಳಲ್ಲಿ ಎಚ್ಚರದ ಹೊತ್ತು ಐದಕ್ಕೆ ಸರಿದಿತ್ತು. ತೂಕ 50. ಗ್ಲಾಸ್ಗೋ ಅಂಕ 19 ಇದ್ದದ್ದು 8. ಮೇಜಿನ ಮೇಲೆ ಟವೆಲ್ ಹಾಸಿದರೆ ಬಾಚಣಿಗೆ ನಡುವಿನ ಮುಖಕ್ಕೆ ಬಂತು. ರೇಡಿಯೋ ಮಾತ್ರ ಇನ್ನೂ ಅಳುವ ಕಡೆಗೇ, ಅದನ್ನು ಅವರು ತಾಯಿಯ ಜೊತೆ ಕೇಳುತ್ತಿದ್ದರು. ಅದನ್ನು ಖಿನ್ನತೆಯ ಲೆಕ್ಕಕ್ಕೆ ಹಾಕಿ ಮಾತ್ರೆ ಏರಿಸುವ ಅಗತ್ಯ ನನಗೆ ಕಾಣಲಿಲ್ಲ. ಆಷಾಢದ ವರ್ಷದ ಕಾರ್ಯದಲ್ಲಿ ಎಡೆಗೆ ಬಾಳೆಲೆ ತೊಳೆದು ಹಾಕುವ ಕೆಲಸವನ್ನು ಪುಟ್ಟಕ್ಕನಿಗೆ ಕೊಟ್ಟಿದ್ದರು.

ಹಾಸಿಗೆ ಒದ್ದೆಯಾಗುವುದು ಪೂರ್ತಿ ನಿಂತಿಲ್ಲ. ವಿಚಾರಿಸಿದರೆ ಗೊರಕೆ ಜೋರು, ನಡುವೆ ಉಸಿರು ಕಟ್ಟಿದಂತೆ ನಿಂತು ಮತ್ತೆ ಎಳೆಯುತ್ತಾರೆ ಎಂದು ಅಣ್ಣ ಹೇಳಿದರು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಡೌನ್ ಸಿಂಡ್ರೋಮ್ ಇರುವ ವಯಸ್ಕರಲ್ಲಿ ಬಹಳ ಹೆಚ್ಚು. ಅದು ಹಾಸಿಗೆ ಒದ್ದೆಯಾಗಲು, ಹಗಲ ಮಂಕಿಗೆ, ಸಿಡುಕಿಗೆ ಕಾರಣವಾಗಬಹುದು, ಖಿನ್ನತೆ ಪೂರ್ತಿ ವಾಸಿಯಾಗದಂತೆಯೂ ತಡೆಯಬಹುದು. ಮಲಗಿದಾಗಿನ ಎರಡು ನಿಮಿಷದ ವಿಡಿಯೋ ತರಿಸಿಕೊಂಡು ನೋಡಿ, ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟಿದ್ದೇನೆ. ಪರೀಕ್ಷೆಗೆ ಮೈಗೆ ಅಂಟಿಸುವ ತಂತಿಗಳಿಗೆ ಹೆದರಬಾರದೆಂದು, ಅಂಥದ್ದೇ ಪಟ್ಟಿಯನ್ನು ಮನೆಗೆ ಕೊಟ್ಟು ದಿನಾ ಸ್ವಲ್ಪ ಹೊತ್ತು ಬೆರಳಿಗೆ, ಎದೆಗೆ ಕಟ್ಟಿಸಿ ರೂಢಿ ಮಾಡಿಸುತ್ತಿದ್ದೇವೆ. ಮತ್ತೆ ಮಾಡಿಸಿದ ಟಿಎಸ್ಎಚ್ ಪರೀಕ್ಷೆಯಲ್ಲಿ 6.4 ಬಂದಿದೆ, ಔಷಧ ಬೇಕಾಗಿಲ್ಲ, ವರ್ಷಕ್ಕೊಮ್ಮೆ ನೋಡಬೇಕು. ಸರ್ಟ್ರಲೀನ್ ಪೂರ್ತಿ ಸರಿಯಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಯುತ್ತದೆ. ಮುಂದಿನ ಎಳ್ಳಮಾವಾಸ್ಯೆಯ ಹೊತ್ತಿಗೆ ಅದೇ ಕೆಲಸಗಳ ವಿಡಿಯೋವನ್ನು ಮತ್ತೆ ಮಾಡಿ ತರಲು ಅಣ್ಣನ ಮಗನಿಗೆ ಹೇಳಿದ್ದೇನೆ. ಖಿನ್ನತೆ ಹೋದ ಮೇಲೂ ಬಟ್ಟೆ ಮಡಚುವ ಕ್ರಮ ತಪ್ಪಿದ್ದರೆ, ಮರೆವಿನ ಕಾಯಿಲೆಯ ಪ್ರಶ್ನೆಯನ್ನು ಆಗ ಮತ್ತೆ ತೆರೆಯಬೇಕು.